ಡಬ್ಬಿ ಹೇಳುವ ತನಕ

ಹುಮನಾಬಾದಿನ ಔಷಧಿ ಅಂಗಡಿಗೆ ನಾನು ಕೆಲಸಕ್ಕೆ ಸೇರಿದ ದಿನ ಮಾಲಕರು ಮೊದಲು ತೋರಿಸಿದ್ದು ಕೌಂಟರಿನ ಮೇಲೆ ಕೂತಿದ್ದ ಒಂದು ಬಿಳಿ ಡಬ್ಬಿ. ಅಂಗೈಯಗಲದ್ದು. ಎದುರಿಗೆ ಸ್ಕ್ಯಾನ್ ಮಾಡುವ ಚೌಕಟ್ಟು, ಹಿಂದೆ ಸ್ಪೀಕರು, ಪಕ್ಕದಲ್ಲಿ ಚಿಕ್ಕ ದೀಪ.

"ಇದು ಹೇಳಿದ್ರ ರೊಕ್ಕ ಬಂದಂಗ ತಂಗಿ. ಹೇಳಲಿಲ್ಲಂದ್ರ ಬಂದಿಲ್ಲ. ಮಂದಿ ಫೋನ್ ತೋರಸ್ತಾರ, ನೋಡಬ್ಯಾಡ," ಎಂದರು.

ಅವರ ದೊಡ್ಡ ಅಂಗಡಿ ಬಸವಕಲ್ಯಾಣದಲ್ಲಿತ್ತು. ಹುಮನಾಬಾದಿನದು ಎರಡನೆಯದು, ಸಣ್ಣದು. ಅವರು ಕಲ್ಯಾಣದಲ್ಲಿ ಕೂಡುತ್ತಿದ್ದರು, ನಾನು ಕಲ್ಯಾಣದವಳಾದರೂ ದಿನಾ ಬಸ್ಸು ಹತ್ತಿ ಹುಮನಾಬಾದಿಗೆ ಹೋಗುತ್ತಿದ್ದೆ. ಹಣ ಬಿದ್ದ ಸುದ್ದಿ ಎರಡು ಕಡೆ ತಲುಪುತ್ತಿತ್ತು: ಮಾಲಕರ ಫೋನಿಗೆ ಮತ್ತು ಈ ಡಬ್ಬಿಗೆ. ನನ್ನ ಫೋನಿಗೆ ಏನೂ ಬರುತ್ತಿರಲಿಲ್ಲ. ಅವರ ಖಾತೆ, ಅವರ ಆ್ಯಪು, ಅವರ ನಂಬರು. ಅಂಗಡಿಯ ಬೀಗದ ಕೈ ನನ್ನ ಬಳಿ ಇತ್ತು, ಬಿಲ್ಲು ಬರೆಯುವವಳು ನಾನು, ಔಷಧಿ ಕೊಡುವ ಸರ್ಟಿಫಿಕೇಟು ಗೋಡೆಯ ಮೇಲೆ ನನ್ನ ಹೆಸರಿನಲ್ಲಿತ್ತು. ಆದರೆ ಗಿರಾಕಿ ದುಡ್ಡು ಕೊಟ್ಟನೋ ಇಲ್ಲವೋ ಎಂಬುದನ್ನು ನನಗೆ ಆ ಡಬ್ಬಿಯೇ ಹೇಳಬೇಕಾಗಿತ್ತು.

ಮೊದಮೊದಲು ಅದರ ಮೇಲೆ ನನಗೆ ಪ್ರೀತಿಯೇ ಇತ್ತು. ಟಿಂಗ್ ಎಂದು ಶುರು ಮಾಡಿ, ಹೆಣ್ಣು ದನಿಯಲ್ಲಿ, "ನೂರ... ಇಪ್ಪತ್ತು... ರೂಪಾಯಿ ಸ್ವೀಕರಿಸಲಾಗಿದೆ" ಎನ್ನುತ್ತಿತ್ತು. ನಮ್ಮ ಕಡೆಯ ಮಾತಲ್ಲ, ಪುಸ್ತಕದ ಕನ್ನಡ. ಒಂದೊಂದು ಅಂಕಿಯನ್ನೂ ಬೇರೆ ಬೇರೆಯಾಗಿ ಮೊದಲೇ ಹೇಳಿಸಿ ತುಂಬಿಟ್ಟಿರುತ್ತಾರೆ, ಹಣ ಬಂದಾಗ ಬೇಕಾದ ತುಣುಕುಗಳನ್ನು ಜೋಡಿಸಿ ನುಡಿಸುತ್ತದೆ. ಅದಕ್ಕೇ ಮಾತಿನ ನಡುವೆ ಸಣ್ಣ ಬಿಕ್ಕು. ಮಾತ್ರೆ ತೆಗೆಯಲು ಸ್ಟೂಲಿನ ಮೇಲೆ ಹತ್ತಿ ನಿಂತಾಗಲೂ ಬೆನ್ನ ಹಿಂದೆ ಆ ದನಿ ಕೇಳಿದರೆ, "ಆತ್ರಿ, ಹೋಗಿ ಬರ್ರಿ" ಎನ್ನುತ್ತಿದ್ದೆ. ಯಾರ ಹಣ ಎಂದು ಮಾತ್ರ ಅದು ಹೇಳುತ್ತಿರಲಿಲ್ಲ. ಎಷ್ಟು ಎಂದಷ್ಟೇ.

ಸುಮ್ಮನಾಗುವ ಚಾಳಿ ಅದಕ್ಕೆ ಮೊದಲಿನಿಂದಲೂ ಇತ್ತು. ಚಾರ್ಜಿಗೆ ಹಾಕುವುದು ಮರೆತರೆ ಸುಮ್ಮನಾಗುತ್ತಿತ್ತು. ಒಮ್ಮೆ ಒಬ್ಬರು ಬಾಗಿಲಿಗೆ ಯಾವ ಕಾಲದಲ್ಲೋ ಅಂಟಿಸಿದ್ದ ಬೇರೆ ಕಂಪನಿಯ ಚೀಟಿಗೆ ಸ್ಕ್ಯಾನ್ ಮಾಡಿದರು. ಹಣ ಮಾಲಕರ ಖಾತೆಗೇ ಹೋಯಿತು, ಆದರೆ ಡಬ್ಬಿಗೆ ಅದು ಗೊತ್ತೇ ಆಗಲಿಲ್ಲ. ನಾನು ಉಗುರಿನಿಂದ ಕೆರೆದು ಆ ಚೀಟಿ ಕಿತ್ತೆ. ಇನ್ನೊಂದು ತಿಂಗಳು ಮಾಲಕರ ಖಾತೆಯಿಂದ ಡಬ್ಬಿಯ ಬಾಡಿಗೆ ಕಟ್ಟಾಗದೆ ಎರಡು ದಿನ ಬಾಯಿ ಬಿಡಲಿಲ್ಲ.

ಆ ಹೊತ್ತಿಗೆ ನಾನು ಒಂದು ಪೆಟ್ಟು ತಿಂದಾಗಿತ್ತು. ಮಳೆಗಾಲದಲ್ಲಿ ಒಬ್ಬ, ಶರ್ಟು ಇಸ್ತ್ರಿ ಮಾಡಿಕೊಂಡ ಸಭ್ಯಸ್ಥ, ಸಾವಿರದ ಮೇಲಿನ ಔಷಧಿ ತೆಗೆದುಕೊಂಡ. ಡಬ್ಬಿ ಸುಮ್ಮನಿತ್ತು. ಫೋನು ತೋರಿಸಿದ. ಹಸಿರು ಗುರುತು, ಅಂಗಡಿಯ ಹೆಸರು, ತಾರೀಖು, ವೇಳೆ ಎಲ್ಲ ಇತ್ತು. ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದುಕೊಂಡು ಕೊಟ್ಟು ಕಳಿಸಿದೆ. ಆ ಹಣ ಬರಲೇ ಇಲ್ಲ. ಅಂಥ ಚಿತ್ರ ಮಾಡಿಕೊಡುವ ಸುಳ್ಳು ಆ್ಯಪುಗಳಿವೆಯೆಂದು ನನಗೆ ಆಮೇಲೆ ಗೊತ್ತಾಯಿತು. ಮಾಲಕರು ಬಯ್ಯಲಿಲ್ಲ. ಆ ತಿಂಗಳ ಪಗಾರದಲ್ಲಿ ಆ ಔಷಧಿಯ ಅರ್ಧ ಬೆಲೆ ಹಿಡಿದುಕೊಂಡು, "ಅರ್ಧ ನಂದು, ಅರ್ಧ ನಿಂದು. ಇನ್ನ ಮುಂದ ಡಬ್ಬಿ ಹೇಳೋ ತನಾ ಚೀಲ ಬಿಡಬ್ಯಾಡ," ಎಂದರು. ಅದು ನ್ಯಾಯವೆಂದೇ ನನಗೂ ಅನಿಸಿತು. ಅಂದಿನಿಂದ ಔಷಧಿಯ ಚೀಲದ ಮೇಲೆ ಒಂದು ಕೈ ಇಟ್ಟುಕೊಂಡೇ ಡಬ್ಬಿಯ ಕಡೆ ನೋಡುವುದು ರೂಢಿಯಾಯಿತು.

ಇನ್ನೊಬ್ಬ ಮನುಷ್ಯ ಬಂದದ್ದು ಚಳಿಗಾಲದ ಒಂದು ಸಂಜೆ, ಐದರ ಹೊತ್ತಿಗೆ. ಅವತ್ತು ಮಧ್ಯಾಹ್ನದಿಂದ ಊರಿಗೆ ಕರೆಂಟಿರಲಿಲ್ಲ. ಗೌಂಡಿ ಕೆಲಸದವನು. ಮೊಣಕೈ ತನಕ ಸಿಮೆಂಟಿನ ಬೂದಿ ಒಣಗಿ ಬಿರುಕು ಬಿಟ್ಟಿತ್ತು. ಅವನನ್ನು ಎರಡು ಮೂರು ಸಲ ಮೊದಲೂ ನೋಡಿದ್ದೆ. ಹತ್ತಿರದ ಹುಡಗಿ ಎಂಬ ಊರಿನವನು, ಅಕ್ಕನಿಗೆ ಫಿಟ್ಸ್ ಇದೆ, ಅವಳ ಗುಳಿಗೆ ಒಯ್ಯುತ್ತಾನೆ ಎಂಬಷ್ಟು ಗೊತ್ತಿತ್ತು. ಹೆಸರು ಕೇಳಿರಲಿಲ್ಲ. ಡಾಕ್ಟರ ಚೀಟಿ ಮಡಿಚಿ ಮಡಿಚಿ ನಾಲ್ಕು ತುಂಡಾಗುವುದರಲ್ಲಿತ್ತು.

ಮುಂಜಾನೆ ಒಂದು, ರಾತ್ರಿ ಒಂದು. ಹದಿನೈದು ದಿನದ್ದು ಕೊಡಿ ಎಂದ. ಮೂರು ಸ್ಟ್ರಿಪ್ ಎಣಿಸಿ ಚೀಲಕ್ಕೆ ಹಾಕಿದೆ. ನಾನೂರ ಮೂವತ್ತೆರಡು ರೂಪಾಯಿ. ಅವನು ಸ್ಕ್ಯಾನ್ ಮಾಡಿದ, ಬೆರಳಿನ ಸಿಮೆಂಟು ಒರೆಸಿಕೊಂಡು ಪಿನ್ ಒತ್ತಿದ. ಅವನ ಫೋನು ಟಿಣ್ ಎಂದಿತು.

ಡಬ್ಬಿ ಸುಮ್ಮನಿತ್ತು.

ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಪಕ್ಕದ ದೀಪ ಕೆಂಪಗೆ ಮಿಟುಕುತ್ತಿತ್ತು.

"ಕಟ್ ಆಗ್ಯಾದ್ರಿ ಮೇಡಂ. ನೋಡ್ರಿ," ಎಂದು ಫೋನು ತಿರುಗಿಸಿದ. ಹಸಿರು ಗುರುತು. ಅಂಗಡಿಯ ಹೆಸರು. ಐದು ಗಂಟೆ ಏಳು ನಿಮಿಷ. ಕೆಳಗೆ ಉದ್ದನೆಯ ನಂಬರು.

"ಸ್ವಲ್ಪ ತಡೀರಿ. ಇದು ಹೇಳಲಿ."

ಡಬ್ಬಿಯನ್ನು ಎತ್ತಿಕೊಂಡು ಬಾಗಿಲ ತನಕ ಹೋದೆ. ಅಲ್ಲಿ ಕೆಲವು ಸಲ ಸಿಗ್ನಲ್ ಹಿಡಿಯುತ್ತಿತ್ತು. ಆರಿಸಿ ಮತ್ತೆ ಹಚ್ಚಿದೆ. ಸ್ವಾಗತ ಎಂದಿತು, ಆಮೇಲೆ ನೆಟ್‌ವರ್ಕ್ ಹುಡುಕಲಾಗುತ್ತಿದೆ ಎಂದು ಹೇಳಿ ಮತ್ತೆ ಸುಮ್ಮನಾಯಿತು. ಮಾಲಕರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಅವರು ಅವತ್ತು ಮೋರಖಂಡಿಗೆ ಮಗಳ ಸಂಬಂಧದ ಮಾತಿಗೆ ಹೋಗಿದ್ದರು. ಮತ್ತೆ ಹಚ್ಚಿದೆ. ಮೂರನೆಯ ಸಲವೂ ಎತ್ತಲಿಲ್ಲ.

ಹದಿನೈದು ನಿಮಿಷ ಕಳೆಯಿತು. ಈ ನಡುವೆ ನಾಲ್ಕೈದು ಮಂದಿ ಬಂದು ನಿಂತರು. ಕೆಮ್ಮಿನ ಔಷಧಿ ಕೇಳಿದವರೊಬ್ಬರು ಚಿಲ್ಲರೆ ಕೊಟ್ಟು ಹೋದರು. ಉಳಿದವರು ನಮ್ಮಿಬ್ಬರನ್ನು ನೋಡುತ್ತಿದ್ದರು. ಅವನು ಗೋಡೆಯ ಕಡೆ ಸರಿದು ನಿಂತ, ಸಿಮೆಂಟಿನ ಬಟ್ಟೆ ಯಾರಿಗೂ ತಾಗದ ಹಾಗೆ.

"ಬ್ಯಾರೆ ರೊಕ್ಕ ಇದ್ರ ಕೊಡ್ರಿ. ಇದು ಬಂದಮ್ಯಾಲ ವಾಪಸ್ ಕೊಡ್ತೀನಿ," ಎಂದೆ.

"ಎಲ್ಲಿಂದ್ರಿ? ಮೇಸ್ತ್ರಿ ಪಗಾರ ಫೋನಿಗೇ ಹಾಕ್ತಾನ. ಅದರಾಗಿಂದೇ ಹಾಕೀನಿ." ಜೇಬಿನಿಂದ ಎರಡು ಹತ್ತರ ನೋಟು ತೆಗೆದು ತೋರಿಸಿದ. "ಇದು ಊರಿಗೆ ಹೋಗಾಕ ಟಂಟಂ ಆಟೋಕ್ಕ ಅದ."

ಆಮೇಲೆ ಅವನು ಕೌಂಟರಿನ ಹತ್ತಿರ ಬಾಗಿ, ಉಳಿದವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದ: "ಮುಂಜಾನಿಗೇ ಖಾಲಿ ಆಗ್ಯಾವ್ರಿ. ಎರಡ ಗುಳಿಗಿ ಕತ್ತರಿಸಿ ಕೊಡ್ರಿ ಮೇಡಂ. ಇವತ್ತ ರಾತ್ರಿದೊಂದು, ನಾಳಿ ಮುಂಜಾನಿದೊಂದು. ಉಳದಿದ್ದು ನಿಮ್ಮ ಹತ್ರಾನೇ ಇರಲಿ. ನಾಳಿ ಬಂದು ಒಯ್ತೀನಿ."

ಕತ್ತರಿ ನನ್ನ ಕೈ ಹತ್ತಿರವೇ ಇತ್ತು. ದಿನಕ್ಕೆ ಐವತ್ತು ಸಲ ಸ್ಟ್ರಿಪ್ ಕತ್ತರಿಸುವವಳು ನಾನು. ಎರಡು ಗುಳಿಗೆಯ ಬೆಲೆ ಮೂವತ್ತು ರೂಪಾಯಿ ಕೂಡ ಆಗುತ್ತಿರಲಿಲ್ಲ. ಫಿಟ್ಸಿನ ಗುಳಿಗೆ ಒಮ್ಮೆಲೇ ತಪ್ಪಿಸಬಾರದೆಂದು ಪ್ರತಿ ಗಿರಾಕಿಗೂ ಹೇಳಿ ಕಳಿಸುವವಳೂ ನಾನೇ. ಆದರೆ ಆ ಕ್ಷಣ ನನಗೆ ಕಂಡದ್ದು ಇಸ್ತ್ರಿ ಶರ್ಟಿನವನ ಮುಖ. ಅವನೂ ಹೀಗೇ ಮೆಲ್ಲಗೆ ಮಾತಾಡಿದ್ದ. ಹಿಂದೆ ನಿಂತವರ ಮುಂದೆ ಒಬ್ಬನಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದೂ ಅನಿಸಿತು.

"ಹಂಗ ಕೊಡಾಕ ಬರಂಗಿಲ್ರಿ. ಅರ್ಧಾ ತಾಸು ಕೂಡ್ರಿ, ಹೇಳತದ," ಎಂದೆ.

ಅವನು ಹತ್ತರ ನೋಟುಗಳನ್ನು ಮಡಿಚಿ ಜೇಬಿಗೆ ಹಾಕಿಕೊಂಡ. ಹೊರಗೆ ಮೆಟ್ಟಿಲ ಮೇಲೆ ಕೂತ. ಆರು ದಾಟಿದ ಮೇಲೆ ಎದ್ದು, "ಹುಡಗಿ ಟಂಟಂ ಹೋಗತದ್ರಿ. ನಾಳಿ ಬರ್ತೀನಿ. ಚೀಲ ತೆಗೆದಿಡ್ರಿ," ಎಂದು ಹೇಳಿ ಹೋದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಕೊಟ್ಟುಬಿಡುತ್ತಿದ್ದೆನೇನೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಏಳಕ್ಕೆ ಹತ್ತು ನಿಮಿಷ ಇರುವಾಗ ಕರೆಂಟು ಬಂತು. ಟ್ಯೂಬು ಹತ್ತಿತು, ಫ್ರಿಜ್ಜು ಗುರ್ರೆಂದಿತು. ಇನ್ನೂ ಸ್ವಲ್ಪ ಹೊತ್ತಿಗೆ ಡಬ್ಬಿಯ ದೀಪ ಹಸಿರಾಯಿತು. ಟಿಂಗ್ ಎಂದು, ಒಂದಾದ ಮೇಲೊಂದು ಹೇಳತೊಡಗಿತು. "ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ." ಅದು ಮಧ್ಯಾಹ್ನ ಕಾದು, ಕೊನೆಗೆ ನೋಟು ಕೊಟ್ಟು ಹೋದವರೊಬ್ಬರದು. ಟಿಂಗ್. "ನಾನೂರ... ಮೂವತ್ತ... ಎರಡು ರೂಪಾಯಿ ಸ್ವೀಕರಿಸಲಾಗಿದೆ."

ಅಂಗಡಿಯಲ್ಲಿ ಆಗ ಯಾರೂ ಇರಲಿಲ್ಲ. ನಾನು ಚೀಲ ಹಿಡಿದು ರಸ್ತೆಗೆ ಓಡಿ ಬಂದೆ. ಟಂಟಂ ನಿಲ್ಲುವ ಜಾಗದಲ್ಲಿ ಬೀದರದ ಕಡೆಯ ಜನ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವನ ನಂಬರು ಬರೆದುಕೊಂಡಿರಲಿಲ್ಲ. ಮಾಲಕರ ಫೋನು ಆಗ ಬಂತು.

"ಯಾಕ ತಂಗಿ, ಮೂರು ಸಲ ಮಾಡಿದಿ?"

ಕೇಳಿದೆ. ಅವರು ನೋಡಿ ಹೇಳಿದರು: "ನಾನೂರ ಮೂವತ್ತೆರಡು? ಐದು ಏಳಕ್ಕೇ ಬಂದದಲ್ಲ ನನಗ. ಫೋನ್ ಕೋಟಿನಾಗ ಇತ್ತು."

ಹಣ ಅವನು ಬೆರಳು ತೆಗೆಯುವ ಮೊದಲೇ ಬಂದು ಬಿದ್ದಿತ್ತು. ತಡವಾದದ್ದು ಅದನ್ನು ಹೇಳುವ ಮಾತಷ್ಟೇ.

ಮರುದಿನ ಅವನು ಬರಲಿಲ್ಲ. ಮಧ್ಯಾಹ್ನದ ತನಕ ಬಾಗಿಲು ನೋಡಿದೆ. ನಾಲ್ಕಕ್ಕೆ ಶಟರ್ ಎಳೆದು, ಮಾಲಕರಿಗೆ ತಲೆನೋವೆಂದು ಹೇಳಿ, ಚೀಲ ಹಿಡಿದು ಹುಡಗಿಗೆ ಹೋದೆ. ಗೌಂಡಿ, ಅಕ್ಕನ ಜೊತೆ ಇರುತ್ತಾನೆ ಎಂದು ಕೇಳಿದ್ದಕ್ಕೆ, "ರೊಟ್ಟಿ ಮಾಡಿ ಕೊಡ್ತಾಳಲ್ಲ, ಆ ಅಕ್ಕಾನ ಮನಿ?" ಎಂದು ದಾರಿ ತೋರಿಸಿದರು. ಅವಳು ಹುಮನಾಬಾದಿನ ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದಳಂತೆ. ಅದು ನನಗೆ ಗೊತ್ತಿರಲಿಲ್ಲ.

ಬಾಗಿಲಿಗೆ ಬೀಗ ಇತ್ತು. ಪಕ್ಕದ ಮನೆಯ ಮುದುಕಿ ಹೊಸ್ತಿಲ ಮೇಲೆ ಕೂತು ಬೇಳೆ ಹಸನು ಮಾಡುತ್ತಿದ್ದಳು.

"ಬೀದರಕ್ಕ ಒಯ್ದಾರವ್ವ. ಮುಂಜಾನಿ ಒಲಿ ಮುಂದ ರೊಟ್ಟಿ ಮಾಡಾಕತ್ತಿದ್ಳು. ಫಿಟ್ಸ್ ಬಂತು. ಒಲಿ ಮ್ಯಾಲೇ ಬಿದ್ದಳು. ತಮ್ಮ ನೀರಿಗೆ ಹೋಗಿದ್ದ. ನಾ ವಾಸನಿ ಬಂತಂತ ಹೋದೆ."

"ಹ್ಯಾಂಗ ಅದಾರ?"

"ಜೀವಕ್ಕ ಏನಿಲ್ಲಂತ. ಬಲಗೈ," ಎಂದು ಮುದುಕಿ ತನ್ನ ಕೈ ಎತ್ತಿ, ಬೆರಳು ಮಡಿಚಿ ತೋರಿಸಿದಳು. "ನೀ ಯಾರವ್ವ?"

"ಔಷಧಿ ಅಂಗಡಿಯಾಕಿ," ಎಂದೆ. ಚೀಲ ಅವಳ ಕೈಗೆ ಕೊಟ್ಟು ಬಂದೆ.

ವಾರದ ಮೇಲೆ ಡಬ್ಬಿಯ ಕಂಪನಿಯವನು ಬಂದ. ನಾನು ಎಲ್ಲ ಹೇಳಲಿಲ್ಲ, ತಡ ಮಾಡುತ್ತದೆ ಎಂದಷ್ಟೇ ಹೇಳಿದೆ. ಅವನು ಹಿಂದಿನ ಮುಚ್ಚಳ ತೆಗೆದು ಒಳಗಿನ ಸಿಮ್ ತೋರಿಸಿದ.

"ಡಬ್ಬಿಗೆ ರೊಕ್ಕ ಕಾಣಂಗಿಲ್ರಿ ಮೇಡಂ. ರೊಕ್ಕ ಬ್ಯಾಂಕಿಂದ ಬ್ಯಾಂಕಿಗೆ ಹೋಗತದ. ಆಮ್ಯಾಲ ನಮ್ಮ ಕಂಪನಿ ಕಂಪ್ಯೂಟರಿಗೆ ಸುದ್ದಿ ಬರತದ. ಅಲ್ಲಿಂದ ಈ ಸಿಮ್ಮಿಗೆ ಇಷ್ಟಂತ ಒಂದು ಸಣ್ಣ ಮೆಸೇಜ್. ಅದು ಬಂದ್ರೇ ಇದು ಮಾತಾಡೋದು."

"ಗಿರಾಕಿ ಫೋನಿನಾಗ ನೆಟ್ ಇತ್ತಲ್ಲ, ಇದಕ್ಕ ಯಾಕ ಇರಲಿಲ್ಲ?"

"ಅವರ ಸಿಮ್ ಬ್ಯಾರೆ ಕಂಪನಿದು ಇರಬೇಕು. ಇದರ ಟವರಿಗೆ ಕರೆಂಟ್ ಹೋಗಿ ಬ್ಯಾಟರಿ ಮುಗದ್ರ, ಮೆಸೇಜ್ ಅಲ್ಲೇ ಕಾಯತದ. ಲೈನ್ ಬಂದ ಕೂಡ್ಲೇ ಬರತದ. ಭಾಳ ಹೊತ್ತು ಆದ್ರ ಕೆಲವು ಬರೋದೇ ಇಲ್ಲ. ನಿಮ್ಮ ಅಂಗಡಿ ಒಳಗ ಅದ, ಸುತ್ತ ಕಬ್ಬಿಣದ ರ‍್ಯಾಕ್ ಅವ. ಬಾಗಿಲ ಹತ್ರ ಇಡ್ರಿ."

ಹೊಸ ಡಬ್ಬಿ ಕೊಟ್ಟು ಹೋದ. ಇದರ ಸಿಮ್ ಚಲೋ ಅದ ಎಂದ. ಅದು ಸ್ವಲ್ಪ ಬೇಗ ಮಾತಾಡುತ್ತಿತ್ತು, ಆದರೆ ಕರೆಂಟು ಹೋದಾಗ ಇದೂ ಮೂಕವಾಗುತ್ತಿತ್ತು. ನಾನು ಮಾಲಕರಿಗೆ ಕೇಳಿಕೊಂಡೆ: ಅಂಗಡಿಗೆ ಒಂದು ಫೋನು ಇಟ್ಟು, ಅದರಲ್ಲೂ ಹಣ ಬಂದದ್ದು ಕಾಣುವ ಹಾಗೆ ಮಾಡಿಕೊಡಿ ಎಂದು. ಖಾತೆಯ ಆ್ಯಪು ಇನ್ನೊಂದು ಕೈಗೆ ಕೊಡಲು ಅವರಿಗೆ ಧೈರ್ಯ ಬರಲಿಲ್ಲ. "ನಿನ್ನ ಮ್ಯಾಲ ನಂಬಿಕಿ ಇಲ್ಲಂತಲ್ಲ ತಂಗಿ. ನಾಳಿ ನೀ ಇರಂಗಿಲ್ಲ, ಬ್ಯಾರೆಯಾಕಿ ಬರ್ತಾಳ," ಎಂದರು.

ಮತ್ತೆ ಹತ್ತು ಹನ್ನೆರಡು ದಿನಕ್ಕೆ ಆ ಗೌಂಡಿ ಬಂದ. ಸುಟ್ಟ ಗಾಯದ ಮುಲಾಮು, ಬಟ್ಟೆಯ ಪಟ್ಟಿ. ನೋಟು ಎಣಿಸಿ ಕೊಟ್ಟ.

"ಅಕ್ಕಾರು ಹ್ಯಾಂಗ ಅದಾರ?" ಎಂದೆ.

"ಮನಿಗೆ ಕರಕೊಂಡ ಬಂದೀವ್ರಿ. ನೀವು ಗುಳಿಗಿ ತಂದು ಕೊಟ್ಟು ಹೋಗಿದ್ರಂತ. ಮುದುಕಿ ಹೇಳಿದ್ಳು." ಪಟ್ಟಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ, "ನಿಮ್ಮದೇನದರಿ ಅದರಾಗ. ನೆಟ್‌ವರ್ಕ್ ಇರಲಿಲ್ಲ," ಎಂದ.

ಹೌದ್ರಿ, ನೆಟ್‌ವರ್ಕ್ ಇರಲಿಲ್ಲ ಎಂದು ನಾನೂ ಹೇಳಿದೆ. ಅವನು ಎರಡು ಗುಳಿಗೆ ಕೇಳಿದ್ದು ನನಗೂ ನೆನಪಿತ್ತು, ಅವನಿಗೂ ನೆನಪಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ. ಅವನು ನನ್ನ ಮರ್ಯಾದೆ ಉಳಿಸಲು ಎತ್ತಲಿಲ್ಲ. ನಾನು ಯಾಕೆ ಎತ್ತಲಿಲ್ಲ ಎಂದರೆ, ಎತ್ತಿದರೆ ತಪ್ಪು ನನ್ನದಾಗುತ್ತಿತ್ತು. ಮನೆಯಲ್ಲಿ ಅವ್ವನಿಗೂ, ಮಾಲಕರಿಗೂ ನಾನು ಹೇಳಿದ್ದು ಡಬ್ಬಿ ತಡ ಮಾಡಿದ ಕತೆಯನ್ನೇ. ಕತ್ತರಿಯ ವಿಷಯ ಈ ಬರಹದ ಮೊದಲು ಯಾರಿಗೂ ಹೇಳಿಲ್ಲ.

ಒಂದು ಭಾನುವಾರ ಅವನ ಅಕ್ಕನನ್ನು ನೋಡಲು ಹೋದೆ. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಗೋಡೆಗೆ ಒರಗಿ ಕೂತಿದ್ದಳು. ಬಲಗೈಯ ಬೆರಳುಗಳು ಒಂದಕ್ಕೊಂದು ಎಳೆದುಕೊಂಡು ಒಳಗೆ ಬಾಗಿದ್ದವು. ಹೊಸ ಚರ್ಮ ನುಣ್ಣಗೆ ಕೆಂಪಾಗಿತ್ತು. ಬಿಚ್ಚಬೇಕೆಂದರೆ ಆಪರೇಷನ್ ಮಾಡಬೇಕಂತೆ, ಮಾಡಿದರೂ ಮೊದಲಿನ ಹಾಗೆ ಆಗುವುದಿಲ್ಲವಂತೆ. ಖಾನಾವಳಿಯವರು ಬೇರೆಯವರನ್ನು ಹಚ್ಚಿಕೊಂಡಿದ್ದರು.

"ಚಾ ಮಾಡಾಕ ಬರಂಗಿಲ್ಲ, ಮನಸಿಗಿ ಹಚ್ಕೋಬ್ಯಾಡವ್ವ," ಎಂದಳು.

"ಇರಲಿ ಅಕ್ಕ."

"ಎಡಗೈಲೆ ಬಡದು ನೋಡೀನಿ. ರೊಟ್ಟಿ ದುಂಡ ಬರವಲ್ದು, ನಡು ಹರೀತದ. ತಮ್ಮ ಅದನ್ನೇ ತಿಂತಾನ." ನಕ್ಕಳು. ಆಮೇಲೆ ಕೇಳಿದಳು: "ಆ ಡಬ್ಬಿ ಒಳಗ ಯಾರು ಮಾತಾಡ್ತಾರವ್ವ? ಹೆಂಗಸಂತಲ್ಲ?"

"ಯಾರೂ ಇಲ್ಲಕ್ಕ. ಮೊದಲೇ ಹೇಳಿಸಿ ಇಟ್ಟಿರ್ತಾರ."

"ಹಂಗಾದ್ರ ಬಯ್ಯಾಕೂ ಯಾರಿಲ್ಲ," ಎಂದಳು.

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಗುಳಿಗೆ ತಪ್ಪಿಸಬ್ಯಾಡ್ರಿ ಎಂಬ ಮಾತು ಹೊರಬಿತ್ತು, ದಿನಾ ಎಲ್ಲರಿಗೂ ಹೇಳುವ ಮಾತು. ಅವಳು ಹೂಂ ಎಂದಳು.

ಅದಾದ ಮೇಲೆ ನಾನೊಂದು ನೇಮ ಮಾಡಿಕೊಂಡೆ. ಡಬ್ಬಿ ಸುಮ್ಮನಿದ್ದರೆ, ಕೇಳಿದವರಿಗೆ ಎರಡು ದಿನದ್ದು ಕತ್ತರಿಸಿ ಕೊಡುವುದು, ಹಣ ಬಂದಿರದಿದ್ದರೆ ನಾನೇ ತುಂಬುವುದು. ಒಂದೂವರೆ ತಿಂಗಳು ನಡೆಸಿದೆ. ಹೆಚ್ಚಿನವರದು ಬಂತು. ಆದರೆ ಸುದ್ದಿ ಹರಡಿ, ಕರೆಂಟು ಹೋದ ಹೊತ್ತಿಗೆ ಸರಿಯಾಗಿ ಬರುವವರು ಹುಟ್ಟಿಕೊಂಡರು. ಪಗಾರ ನೋಡಿ ಅವ್ವ ಕೇಳಿದಳು, ಏನಾಗ್ಯಾದ ಎಂದು. ಅಂದಿನಿಂದ ಮತ್ತೆ ಚೀಲದ ಮೇಲೆ ಕೈ ಇಟ್ಟು ಕಾಯುವುದಕ್ಕೆ ಮರಳಿದೆ. ಈಗ ಮಂದಿ ಕೇಳಿದರೆ, "ಹೇಳತದ, ಕೂಡ್ರಿ," ಎನ್ನುತ್ತೇನೆ. ಕೆಲವರು ಕೂಡುತ್ತಾರೆ, ಕೆಲವರು ಹೋಗುತ್ತಾರೆ. ಹೋದವರು ಯಾವ ಊರಿನವರು ಎಂದು ನಾನು ಕೇಳುವುದಿಲ್ಲ.

ಆ ಗೌಂಡಿ ನಮ್ಮ ಅಂಗಡಿಗೆ ಬರುವುದು ಬಿಟ್ಟ. ಹೋದ ತಿಂಗಳು ಮಧ್ಯಾಹ್ನ, ರಸ್ತೆಯ ಆಚೆಯ ಔಷಧಿ ಅಂಗಡಿಯ ಮುಂದೆ ನಿಂತಿದ್ದ. ನೋಟು ಕೊಟ್ಟು, ಚೀಲ ತೆಗೆದುಕೊಂಡು, ಗುಳಿಗೆ ಎಣಿಸಿ ನೋಡಿ ಜೇಬಿಗೆ ಹಾಕಿಕೊಂಡ. ನಾನು ನೋಡುತ್ತಿರುವುದು ಅವನಿಗೆ ಗೊತ್ತಾಯಿತು. ತಲೆ ಆಡಿಸಿ, ಟಂಟಂ ನಿಲ್ಲುವ ಕಡೆ ನಡೆದ.